ಒಂದೇ ಚಾರ್ಟ್, ಎರಡು ತೀರ್ಮಾನ: ಷೇರುಪೇಟೆಯ ನಕ್ಷೆ ಓದುವವರ ಜಗಳ

2020ರ ಜೂನ್ 12, ಶುಕ್ರವಾರ ಸಂಜೆ. ತುಮಕೂರಿನ ಬಿ.ಎಚ್. ರಸ್ತೆ ಬದಿಯ ಟೀ ಅಂಗಡಿ ಲಾಕ್‌ಡೌನ್ ಮುಗಿಸಿಕೊಂಡು ಮತ್ತೆ ತೆರೆದಿದೆ. ಗಾಜಿನ ಲೋಟದ ಬದಲು ಪೇಪರ್ ಕಪ್ಪು. ಕೂರುವ ಬೆಂಚನ್ನು ಒಳಗಿಟ್ಟಿದ್ದಾರೆ, ಗಿರಾಕಿಗಳು ನಿಂತೇ ಕುಡಿಯಬೇಕು. ಹೈಸ್ಕೂಲಿನಿಂದ ಜೊತೆಗಿರುವ ಇಬ್ಬರು ಗೆಳೆಯರು ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು ಒಂದೇ ಮೊಬೈಲಿಗೆ ಬಗ್ಗಿದ್ದಾರೆ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಇನ್ನೊಬ್ಬರದು ಬೈಕ್ ಬಿಡಿಭಾಗಗಳ ಅಂಗಡಿ. ತೆರೆಯ ಮೇಲಿರುವುದು ನಿಫ್ಟಿಯ ಚಾರ್ಟ್.

"ನೋಡೋ ಇಲ್ಲಿ, ಬೆಳಿಗ್ಗೆ ಒಂಬತ್ತೂವರೆ ಸಾವಿರಕ್ಕೆ ಶುರುವಾಗಿದ್ದು ಸಂಜೆಗೆ ಹತ್ತು ಸಾವಿರದ ಹತ್ರ ಬಂದು ನಿಂತಿದೆ. ಇಷ್ಟುದ್ದದ ಹಸಿರು ಕ್ಯಾಂಡಲ್ ಕಂಡ ಮೇಲೂ ಹೆದರ್ತೀಯಲ್ಲ ನೀನು!" ಎಂದರು ಅಂಗಡಿಯವರು.

ಬ್ಯಾಂಕಿನವರು ಮೊಬೈಲನ್ನು ಕೈಗೆ ತೆಗೆದುಕೊಂಡು ಒಂದು ಬಟನ್ ಒತ್ತಿದರು. "ಅದು ದಿನದ್ದು ಕಣೋ. ವಾರದ್ದು ನೋಡು. ಕೆಂಪು. ಸೋಮವಾರ ಹತ್ತು ಸಾವಿರದ ಮುನ್ನೂರು ದಾಟಿತ್ತು, ಅಲ್ಲಿಂದ ಇಳಿದಿದೆ. ಬಿದ್ದಿದ್ದರಲ್ಲಿ ಅರ್ಧ ಮೇಲೆ ಬಂದು ಅಲ್ಲೇ ಸುಸ್ತಾಗಿದೆ. 2008ರಲ್ಲೂ ಹೀಗೇ ಆಗಿತ್ತು. ಅರ್ಧದವರೆಗೂ ಬಂದು, ನಾವೆಲ್ಲ ನಂಬಿದ ಮೇಲೆ ಪಾತಾಳಕ್ಕೆ ಹೋಯ್ತು."

"2008 ಬೇರೆ, ಇದು ಬೇರೆ. ನಾನಂತೂ ಸೋಮವಾರ ಇನ್ನಷ್ಟು ತಗೋತೀನಿ."

"ತಗೋ. ಉಳಿದಿರೋದನ್ನ ನಾನು ಮಾರ್ತೀನಿ."

ಟೀ ಮುಗಿಯಿತು, ವಾದ ಮುಗಿಯಲಿಲ್ಲ.

ಗೆಳೆಯರಿಬ್ಬರೂ ಕಲ್ಪನೆಯವರು. ಅವರ ಬಾಯಲ್ಲಿ ಬಂದ ಅಂಕಿಗಳು ಮಾತ್ರ ಆ ದಿನ ನಿಜವಾಗಿ ಪೇಟೆಯಲ್ಲಿದ್ದವು. ಅವರು ಕೈಹಾಕಿದ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ: ಎಲ್ಲರ ಕಣ್ಣಿಗೂ ಒಂದೇ ರೀತಿ ಕಾಣಿಸುವ ಗೆರೆಯನ್ನು ನೋಡಿ ಇಬ್ಬರು ಬುದ್ಧಿವಂತರು ತದ್ವಿರುದ್ಧ ತೀರ್ಮಾನಕ್ಕೆ ಬರುವುದು ಹೇಗೆ? ಚಾರ್ಟಿನಲ್ಲಿ ಓದುವಂಥದ್ದು ಏನಾದರೂ ಇದೆಯೇ, ಅಥವಾ ಓದುವವನೇ ಅದನ್ನು ಅಲ್ಲಿ ಬರೆಯುತ್ತಾನೆಯೇ?

ಹಸಿರೂ ಸರಿ, ಕೆಂಪೂ ಸರಿ

ಮೊದಲು ಚಾರ್ಟನ್ನೇ ಹತ್ತಿರದಿಂದ ನೋಡೋಣ. ಒಂದು ಕ್ಯಾಂಡಲ್‌ನಲ್ಲಿ ನಾಲ್ಕೇ ಅಂಕಿಗಳಿರುತ್ತವೆ: ಆ ಅವಧಿಯ ಆರಂಭದ ಬೆಲೆ, ಕೊನೆಯ ಬೆಲೆ, ಗರಿಷ್ಠ, ಕನಿಷ್ಠ. ಆರಂಭಕ್ಕಿಂತ ಕೊನೆ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು. ಜೂನ್ 12ರಂದು ನಿಫ್ಟಿ ಸುಮಾರು 9,545ಕ್ಕೆ ತೆರೆದು 9,973ರ ಆಸುಪಾಸಿನಲ್ಲಿ ಮುಗಿಯಿತು. ಆದ್ದರಿಂದ ದಿನದ ಕ್ಯಾಂಡಲ್ ದೊಡ್ಡ ಹಸಿರು. ಅದೇ ವಾರ ಸೋಮವಾರ ತೆರೆದದ್ದು ಸುಮಾರು 10,327ಕ್ಕೆ, ಶುಕ್ರವಾರ ಮುಗಿದದ್ದು ಅದೇ 9,973ಕ್ಕೆ. ಆದ್ದರಿಂದ ವಾರದ ಕ್ಯಾಂಡಲ್ ಕೆಂಪು. ಇಬ್ಬರು ಗೆಳೆಯರೂ ಸುಳ್ಳು ಹೇಳಲಿಲ್ಲ. ಒಂದೇ ಕೊನೆಯ ಬೆಲೆಯನ್ನು ಒಬ್ಬರು ಬೆಳಗಿನೊಂದಿಗೆ ಹೋಲಿಸಿದರು, ಇನ್ನೊಬ್ಬರು ಸೋಮವಾರದೊಂದಿಗೆ.

ಇನ್ನು ಬ್ಯಾಂಕಿನವರ "ಅರ್ಧ". ಆ ವರ್ಷದ ಜನವರಿ 20ರಂದು ನಿಫ್ಟಿ 12,430ರ ಶಿಖರದಲ್ಲಿತ್ತು. ಮಾರ್ಚ್ 24ರಂದು 7,511ಕ್ಕೆ ಇಳಿಯಿತು. ಈ ಎರಡರ ಸರಿಯಾದ ನಡು ಸುಮಾರು 9,971. ಅಂದರೆ ಗೆಳೆಯರು ಟೀ ಕುಡಿದ ಸಂಜೆ ಪೇಟೆ ನಿಂತಿದ್ದು ಹೆಚ್ಚುಕಡಿಮೆ ಕರಾರುವಾಕ್ಕಾಗಿ ಅರ್ಧದಲ್ಲಿ. ಬಿದ್ದ ಪೇಟೆ ಅರ್ಧ ಮೇಲೆದ್ದ ಜಾಗವನ್ನು ಚಾರ್ಟ್ ಓದುವವರು ವಿಶೇಷವಾಗಿ ಗಮನಿಸುತ್ತಾರೆ. ಅಲ್ಲಿಂದ ಮತ್ತೆ ಮಗುಚುತ್ತದೆ ಎಂಬುದು ಹಳೆಯ ನಂಬಿಕೆ.

ಆದರೆ ಯಾವುದರ ಅರ್ಧ? ಚಾರ್ಟ್ ತೋರಿಸುವ ಆ್ಯಪ್‌ಗಳಲ್ಲಿ ಅಕ್ಷವನ್ನು ಸಾಧಾರಣ ಅಳತೆಯಿಂದ ಲಾಗ್ ಅಳತೆಗೆ ಬದಲಿಸಲು ಬರುತ್ತದೆ. ಸಾಧಾರಣ ಅಳತೆಯಲ್ಲಿ ನೂರು ಅಂಕದ ಏರಿಕೆ ಎಲ್ಲಿದ್ದರೂ ಒಂದೇ ಎತ್ತರ. ಲಾಗ್ ಅಳತೆಯಲ್ಲಿ ಶೇಕಡಾ ಹತ್ತರ ಏರಿಕೆ ಎಲ್ಲಿದ್ದರೂ ಒಂದೇ ಎತ್ತರ. ಹೂಡಿದವನ ಲಾಭ-ನಷ್ಟ ಶೇಕಡಾವಾರು ಇರುವುದರಿಂದ ದೊಡ್ಡ ಏರಿಳಿತಕ್ಕೆ ಎರಡನೆಯದೇ ನ್ಯಾಯವಾದ ಅಳತೆ ಎಂದು ನನ್ನ ಅಭಿಪ್ರಾಯ. ಅದರಲ್ಲಿ 12,430 ಮತ್ತು 7,511ರ ನಡು ಬರುವುದು 9,971ರಲ್ಲಲ್ಲ, ಸುಮಾರು 9,660ರಲ್ಲಿ. ಅಂದರೆ ಒಂದು ಅಕ್ಷದಲ್ಲಿ ನಿಫ್ಟಿ ಅರ್ಧದ ಗೆರೆ ಮುಟ್ಟಿ ನಿಂತಿದೆ, ಇನ್ನೊಂದರಲ್ಲಿ ಅದನ್ನು ಆಗಲೇ ದಾಟಿ ಮುಂದೆ ಹೋಗಿದೆ. ಒಂದು ಬಟನ್ ಒತ್ತಿದ್ದಕ್ಕೆ ಬ್ಯಾಂಕಿನವರ ಸಾಕ್ಷ್ಯ ಅಂಗಡಿಯವರ ಪಾಲಾಗುತ್ತದೆ.

ಸರಾಸರಿ ಗೆರೆಗಳದ್ದೂ ಇದೇ ಪಾಡು. ಆ ಸಂಜೆ ನಿಫ್ಟಿ ತನ್ನ 50 ದಿನಗಳ ಸರಾಸರಿಗಿಂತ ಮೇಲಿತ್ತು, 200 ದಿನಗಳ ಸರಾಸರಿಗಿಂತ ಕೆಳಗಿತ್ತು. ಏರುಪೇಟೆ ಎನ್ನಬೇಕಾದವನಿಗೆ ಮೊದಲನೆಯ ಗೆರೆ ಇದೆ, ಇಳಿಪೇಟೆ ಎನ್ನಬೇಕಾದವನಿಗೆ ಎರಡನೆಯದಿದೆ.

ಒಂದೇ ಸಂಪಾದಕೀಯಗಳು, ಎರಡು ತೀರ್ಪು

ಬೆಲೆಯ ನಡೆಯಿಂದಲೇ ಮುಂದಿನ ಬೆಲೆಯನ್ನು ಊಹಿಸುವ ವಿದ್ಯೆಯ ಹುಟ್ಟನ್ನು ಸಾಮಾನ್ಯವಾಗಿ ಜಪಾನಿನಲ್ಲಿ ಗುರುತಿಸುತ್ತಾರೆ. ಒಸಾಕದ ದೋಜಿಮಾ ಅಕ್ಕಿಪೇಟೆಯಲ್ಲಿ ಮುಂಗಡ ವ್ಯಾಪಾರಕ್ಕೆ 1730ರಲ್ಲೇ ಅಧಿಕೃತ ಮನ್ನಣೆ ಸಿಕ್ಕಿತ್ತು. ಅಲ್ಲಿ ಹೆಸರು ಮಾಡಿದ ಹೊಮ್ಮಾ ಮುನೆಹಿಸಾ ಎಂಬ ವರ್ತಕನನ್ನು ಕ್ಯಾಂಡಲ್ ಚಾರ್ಟಿನ ಪಿತಾಮಹ ಎನ್ನುವುದುಂಟು. ಇಂದಿನ ರೂಪದ ಕ್ಯಾಂಡಲ್ ಅವನ ಕಾಲಕ್ಕಿಂತ ಬಹಳ ಈಚಿನದಿರಬೇಕು ಎನ್ನುವವರೂ ಇದ್ದಾರೆ. ನಮ್ಮ ಚರ್ಚೆಗೆ ಹೆಚ್ಚು ಮುಖ್ಯವಾದವರು ಅಮೆರಿಕದ ಇಬ್ಬರು ಪತ್ರಕರ್ತರು.

ಚಾರ್ಲ್ಸ್ ಡೌ 1889ರಲ್ಲಿ ಶುರುವಾದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಸ್ಥಾಪಕರಲ್ಲೊಬ್ಬ. ಪೇಟೆಯ ಚಲನೆಯಲ್ಲಿ ದಿನದ ಅಲುಗಾಟ, ವಾರಗಳ ಏರಿಳಿತ, ವರ್ಷಗಳ ಮಹಾಪ್ರವಾಹ ಎಂಬ ಮೂರು ಪದರಗಳಿರುತ್ತವೆ ಎಂದು ಅವನು ಬರೆದ. ಇದನ್ನು ಓದಿದಾಗ ನನಗೆ ಅನಿಸುವುದು, ದಿನದ ಕ್ಯಾಂಡಲ್ ಮತ್ತು ವಾರದ ಕ್ಯಾಂಡಲ್ ಬೇರೆ ಬೇರೆ ಕಥೆ ಹೇಳುತ್ತವೆ ಎಂಬುದು ಈ ವಿದ್ಯೆಯ ಮೊದಲ ಗುರುವಿಗೇ ಗೊತ್ತಿತ್ತು ಎಂದು. 1902ರಲ್ಲಿ ಅವನು ತೀರಿಕೊಂಡ ನಂತರ ವಿಲಿಯಂ ಪೀಟರ್ ಹ್ಯಾಮಿಲ್ಟನ್ ಅದೇ ಪತ್ರಿಕೆಯಲ್ಲಿ ಆ ತತ್ತ್ವವನ್ನು ಬಳಸಿ ಪೇಟೆ ಎತ್ತ ಸಾಗುತ್ತದೆಂದು ಸಂಪಾದಕೀಯ ಬರೆಯುತ್ತ ಬಂದ. 1929ರ ಅಕ್ಟೋಬರ್ 25ರ ಅವನ ಬರಹ ಏರುಪೇಟೆ ಮುಗಿಯಿತೆಂದು ಘೋಷಿಸಿತು. ಮುಂದಿನ ದಿನಗಳಲ್ಲಿ ಪೇಟೆ ಕುಸಿಯಿತು. ಆ ವರ್ಷದ ಕೊನೆಯೊಳಗೆ ಹ್ಯಾಮಿಲ್ಟನ್ ಕೂಡ ತೀರಿಕೊಂಡ, ದೊಡ್ಡ ಪ್ರವಾದಿಯೆಂಬ ಹೆಸರು ಉಳಿಯಿತು.

ಆ ಹೆಸರನ್ನು ಲೆಕ್ಕ ಹಾಕಿ ಪರೀಕ್ಷಿಸಿದವನು ಆಲ್ಫ್ರೆಡ್ ಕೌಲ್ಸ್. 1933ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ಹ್ಯಾಮಿಲ್ಟನ್ ಬರೆದ 255 ಸಂಪಾದಕೀಯಗಳನ್ನು ಮುಂದಿಟ್ಟುಕೊಂಡು, ಒಂದೊಂದನ್ನೂ ಏರುವುದು, ಇಳಿಯುವುದು, ಅನುಮಾನ ಎಂದು ವಿಂಗಡಿಸಿದ. ಆ ಮಾತಿನಂತೆ ನಡೆದವನಿಗೆ ಏನು ಸಿಗುತ್ತಿತ್ತೆಂದು ಲೆಕ್ಕ ಮಾಡಿದ. ನಿಲುವು ಬದಲಿಸಿದ 90 ಸಂದರ್ಭಗಳಲ್ಲಿ 45 ಸರಿ, 45 ತಪ್ಪು. ಹ್ಯಾಮಿಲ್ಟನ್‌ನನ್ನು ನಂಬಿದವನಿಗೆ ವರ್ಷಕ್ಕೆ ಸುಮಾರು ಶೇ. 12, ಸುಮ್ಮನೆ ಷೇರು ಇಟ್ಟುಕೊಂಡವನಿಗೆ ಸುಮಾರು ಶೇ. 15.5. ನಾಣ್ಯ ಚಿಮ್ಮಿಸಿದ್ದಕ್ಕಿಂತ ಹೆಚ್ಚೇನೂ ಅಲ್ಲ ಎಂದು ಅರ್ಥಶಾಸ್ತ್ರಜ್ಞರು ಮುಂದಿನ ಅರವತ್ತು ವರ್ಷ ಈ ಫಲಿತಾಂಶವನ್ನು ಮುಂದಿಟ್ಟು ಹೇಳುತ್ತಿದ್ದರು.

1998ರಲ್ಲಿ ಸ್ಟೀಫನ್ ಬ್ರೌನ್, ವಿಲಿಯಂ ಗೋಟ್ಜ್‌ಮನ್, ಅಲೋಕ್ ಕುಮಾರ್ ಅದೇ ಸಂಪಾದಕೀಯಗಳನ್ನು ಮತ್ತೆ ತೆಗೆದರು. ಹ್ಯಾಮಿಲ್ಟನ್ ಬಹಳ ಕಾಲ ಪೇಟೆಯಿಂದ ಹೊರಗಿರುವಂತೆ ಸಲಹೆ ಕೊಟ್ಟಿದ್ದ. ಆ ಅವಧಿಯಲ್ಲಿ ಅವನ ಮಾತು ಕೇಳಿದವನ ಹಣ ಅಪಾಯಕ್ಕೇ ಸಿಕ್ಕಿರಲಿಲ್ಲ. ಕಡಿಮೆ ಅಪಾಯಕ್ಕೆ ಕಡಿಮೆ ಲಾಭ ಸಹಜ. ಎರಡನ್ನೂ ಒಂದೇ ಅಪಾಯದ ಮಟ್ಟಕ್ಕೆ ತಂದು ಹೋಲಿಸಿದರೆ ಹ್ಯಾಮಿಲ್ಟನ್ ಗೆಲ್ಲುತ್ತಾನೆ ಎಂಬುದು ಅವರ ತೀರ್ಪು. ಕೌಲ್ಸ್ ತಪ್ಪು ಕೂಡಿಸಿ ಕಳೆದಿರಲಿಲ್ಲ. ಅಪಾಯವನ್ನು ಅಳೆಯುವ ಗಣಿತ ಅವನ ಕಾಲದಲ್ಲಿ ಇನ್ನೂ ಸಿದ್ಧವಾಗಿರಲಿಲ್ಲ, ಅಷ್ಟೆ.

ಈ ಪ್ರಸಂಗವನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಒಂದೇ ದಾಖಲೆಯಿಂದ ವಿರುದ್ಧ ತೀರ್ಮಾನಕ್ಕೆ ಬರುವುದು ಟೀ ಅಂಗಡಿಯ ಹವ್ಯಾಸಿಗಳ ದೌರ್ಬಲ್ಯ ಎಂದುಕೊಳ್ಳುವುದು ಸುಲಭ. ಮುನ್ಸೂಚನೆಯನ್ನು ವೈಜ್ಞಾನಿಕವಾಗಿ ಪರೀಕ್ಷಿಸಿದ ವಿದ್ವಾಂಸರಿಗೂ ಹಾಗೆಯೇ ಆಯಿತು. ಅಲ್ಲಿ ವ್ಯತ್ಯಾಸ ತಂದದ್ದು ದಾಖಲೆಯಲ್ಲ, ಯಾವುದರ ಜೊತೆ ಹೋಲಿಸಬೇಕು ಎಂಬ ಆಯ್ಕೆ.

ಅಲ್ಲಿ ಓದಲು ಏನೂ ಇಲ್ಲ ಎನ್ನುವವರು

ಚಾರ್ಟ್ ನಂಬುವವರದು ಒಂದು ಪಂಥವಾದರೆ, ಎರಡನೆಯ ಪಂಥದ ಪ್ರಕಾರ ಇಬ್ಬರು ಗೆಳೆಯರೂ ಗೋಡೆಯ ಮೇಲಿನ ಕಲೆಯಲ್ಲಿ ಮುಖ ಹುಡುಕುತ್ತಿದ್ದಾರೆ. ಪ್ಯಾರಿಸ್‌ನಲ್ಲಿ ಲೂಯಿ ಬಷೆಲಿಯೆ 1900ರಲ್ಲಿ ಸಲ್ಲಿಸಿದ ಪ್ರಬಂಧದಲ್ಲೇ ಬೆಲೆಯ ಮುಂದಿನ ಹೆಜ್ಜೆ ಆಕಸ್ಮಿಕ ಎಂಬ ಗಣಿತವಿತ್ತು. 1953ರಲ್ಲಿ ಇಂಗ್ಲೆಂಡಿನ ಮಾರಿಸ್ ಕೆಂಡಲ್ ಷೇರು ಸೂಚ್ಯಂಕ, ಗೋಧಿ, ಹತ್ತಿಯ ದೀರ್ಘಕಾಲದ ಬೆಲೆಗಳನ್ನು ಜಾಲಾಡಿ, ಹಿಂದಿನ ವಾರದ ಏರಿಳಿತದಿಂದ ಮುಂದಿನ ವಾರದ ಬಗ್ಗೆ ಹೇಳಿಕೊಳ್ಳುವಷ್ಟು ಏನೂ ತಿಳಿಯುವುದಿಲ್ಲ ಎಂದು ಕಂಡುಕೊಂಡ.

ಚಾರ್ಟಿನ ವಿಷಯದಲ್ಲಿ ನೇರ ಪೆಟ್ಟು ಕೊಟ್ಟವನು ಷಿಕಾಗೊ ವಿಶ್ವವಿದ್ಯಾಲಯದ ಹ್ಯಾರಿ ರಾಬರ್ಟ್ಸ್. 1959ರಲ್ಲಿ ಅವನು ಯಾದೃಚ್ಛಿಕ ಸಂಖ್ಯೆಗಳ ಪಟ್ಟಿಯಿಂದ 52 ವಾರಗಳ ಕೃತಕ ಏರಿಳಿತ ತಯಾರಿಸಿ, ಒಂದಕ್ಕೊಂದು ಕೂಡಿಸುತ್ತ ಗೆರೆ ಎಳೆದ. ಹುಟ್ಟಿದ ಚಿತ್ರ ನಿಜವಾದ ಷೇರು ಚಾರ್ಟಿನಂತೆಯೇ ಇತ್ತು. ತಜ್ಞರು ಇಳಿಕೆಯ ಸೂಚನೆ ಎಂದು ಓದುವ ತಲೆ-ಭುಜದ ಆಕಾರವೂ ಅದರಲ್ಲಿ ಕಾಣುವಂತಿತ್ತು.

ಇದನ್ನು ಓದುಗರು ಮನೆಯಲ್ಲೇ ಮಾಡಿ ನೋಡಬಹುದು. ಒಂದು ರೂಪಾಯಿ ನಾಣ್ಯವನ್ನು ಐವತ್ತು ಸಲ ಚಿಮ್ಮಿಸಿ. ಒಂದು ಮುಖಕ್ಕೆ ಒಂದು ಚೌಕ ಮೇಲೆ, ಇನ್ನೊಂದಕ್ಕೆ ಒಂದು ಚೌಕ ಕೆಳಗೆ ಎಂದು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯುತ್ತ ಹೋಗಿ. ಐವತ್ತರಲ್ಲಿ ಎಲ್ಲಾದರೂ ಒಂದು ಕಡೆ ಒಂದೇ ಮುಖ ಸತತ ಐದು ಸಲವಾದರೂ ಬೀಳುವ ಸಂಭವ ಹತ್ತರಲ್ಲಿ ಎಂಟರಷ್ಟಿದೆ. ಆ ಜಾಗದಲ್ಲಿ ಗೆರೆ ನೆಟ್ಟಗೆ ಏರುತ್ತದೆ ಅಥವಾ ಇಳಿಯುತ್ತದೆ. ನಾಣ್ಯದ್ದೆಂದು ಹೇಳದೆ ಅದನ್ನು ಪೇಟೆ ಬಲ್ಲವರಿಗೆ ತೋರಿಸಿದರೆ ಪ್ರವೃತ್ತಿ ಶುರುವಾದದ್ದು ಎಲ್ಲಿ, ಮುರಿದದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸುತ್ತಾರೆ.

ಯೂಜೀನ್ ಫಾಮಾ 1970ರ ಸಮೀಕ್ಷೆಯಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟ. ಹಳೆಯ ಬೆಲೆಯಲ್ಲಿ ಲಾಭದ ಸುಳಿವು ಇದ್ದಿದ್ದರೆ ಸಾವಿರಾರು ಜನ ಅದನ್ನು ಬಳಸಿ ಆಗಲೇ ಬೆಲೆಯನ್ನು ಸರಿದೂಗಿಸಿರುತ್ತಿದ್ದರು, ಆದ್ದರಿಂದ ಸುಳಿವು ಉಳಿದಿರುವುದಿಲ್ಲ ಎಂಬುದು ಅದರ ತಿರುಳು. ಚಾರ್ಟ್ ಓದುವವರಲ್ಲಿ ಬಹುಪಾಲು ಜನ ಯಾಕೆ ಸೋಲುತ್ತಾರೆ ಎಂಬುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಇಬ್ಬರು ಅಷ್ಟು ಖಚಿತವಾಗಿ, ಅಷ್ಟು ವಿರುದ್ಧವಾಗಿ ಯಾಕೆ ಓದುತ್ತಾರೆ ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಕಂಪ್ಯೂಟರಿಗೆ ಕಲಿಸಿದ ಕಣ್ಣು

ಚಾರ್ಟ್ ಪಕ್ಷಪಾತಿಗಳ ದೊಡ್ಡ ತೊಂದರೆ ಎಂದರೆ ಅವರ ಆಕಾರಗಳಿಗೆ ಬಿಗಿಯಾದ ವ್ಯಾಖ್ಯೆ ಇರಲಿಲ್ಲ. ಒಬ್ಬನಿಗೆ ತಲೆ-ಭುಜ ಕಂಡ ಕಡೆ ಇನ್ನೊಬ್ಬನಿಗೆ ಬರೀ ಅಲುಗಾಟ. 2000ದಲ್ಲಿ ಆಂಡ್ರೂ ಲೋ, ಹ್ಯಾರಿ ಮಮಾಯ್‌ಸ್ಕಿ, ಜಿಯಾಂಗ್ ವಾಂಗ್ ಈ ತೊಡಕನ್ನು ಬಿಡಿಸಲು ಮನುಷ್ಯನ ಕಣ್ಣನ್ನೇ ಪಕ್ಕಕ್ಕಿಟ್ಟರು. ಬೆಲೆಯ ಗೆರೆಯನ್ನು ಗಣಿತದಿಂದ ನಯಗೊಳಿಸಿ, ಏರುತಗ್ಗುಗಳ ಕ್ರಮದಿಂದ ಹತ್ತು ಆಕಾರಗಳಿಗೆ ವ್ಯಾಖ್ಯೆ ಕೊಟ್ಟು, 1962ರಿಂದ 1996ರವರೆಗಿನ ಅಮೆರಿಕದ ಷೇರುಗಳಲ್ಲಿ ಅವನ್ನು ಕಂಪ್ಯೂಟರಿನಿಂದ ಹುಡುಕಿಸಿದರು. ಹಲವು ಆಕಾರಗಳ ನಂತರದ ಲಾಭ-ನಷ್ಟದ ಹಂಚಿಕೆ ಸಾಮಾನ್ಯ ದಿನಗಳದ್ದಕ್ಕಿಂತ ಬೇರೆಯಾಗಿತ್ತು. ಅಂದರೆ ಆಕಾರದಲ್ಲಿ ಒಂದಿಷ್ಟು ಮಾಹಿತಿ ಇದೆ. ಆದರೆ ಅದರಿಂದ ದುಡ್ಡು ಮಾಡಬಹುದು ಎಂದು ಇದರ ಅರ್ಥವಲ್ಲ ಎಂದು ಅವರೇ ಎಚ್ಚರಿಸಿದರು. ಮಾಹಿತಿಗೂ ಲಾಭಕ್ಕೂ ನಡುವೆ ದಲ್ಲಾಳಿ ಶುಲ್ಕ, ತೆರಿಗೆ, ಕೊಳ್ಳುವ-ಮಾರುವ ಬೆಲೆಗಳ ಅಂತರ ಕೂತಿರುತ್ತವೆ.

ಆಕಾರದಲ್ಲಿ ಏನಾದರೂ ಇದ್ದರೆ ಅದು ಎಲ್ಲಿಂದ ಬಂತು? ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಕರೆನ್ಸಿ ಪೇಟೆಯನ್ನು ಅಭ್ಯಾಸ ಮಾಡಿದ ಕ್ಯಾರೊಲ್ ಓಸ್ಲರ್ ಕೊಟ್ಟದ್ದು. ನಷ್ಟ ತಡೆಯುವ ಸ್ಟಾಪ್-ಲಾಸ್ ಆದೇಶಗಳೂ ಲಾಭ ಕಟ್ಟಿಕೊಳ್ಳುವ ಆದೇಶಗಳೂ ಪೂರ್ಣಾಂಕಗಳ ಸುತ್ತ ಗುಂಪಾಗಿ ಕೂತಿರುತ್ತವೆ ಎಂದು ಆಕೆ ಆದೇಶಗಳ ದಾಖಲೆಯಿಂದಲೇ ತೋರಿಸಿದರು. ಬೆಲೆ ಅಲ್ಲಿಗೆ ಬಂದಾಗ ಒಂದೋ ತಡೆಯುತ್ತದೆ, ಇಲ್ಲವೇ ದಾಟಿದ ಮೇಲೆ ಜೋರಾಗಿ ಓಡುತ್ತದೆ. ಇದರಲ್ಲಿ ನಿಗೂಢವಾದದ್ದೇನೂ ಇಲ್ಲ: ಹತ್ತು ಸಾವಿರದ ಹತ್ತಿರ ನಿಫ್ಟಿ ತಡವರಿಸಿದರೆ, ಅದು ಹತ್ತು ಸಾವಿರ ಎಂಬ ಅಂಕಿಯನ್ನು ಬಹಳ ಜನ ಮನಸ್ಸಿನಲ್ಲಿ ಇಟ್ಟುಕೊಂಡಿರುವುದರಿಂದ ಇರಬಹುದು.

ಈ ದಾರಿಯಲ್ಲಿರುವ ಹಳ್ಳವನ್ನೂ ಹೇಳಬೇಕು. ಸಾವಿರಾರು ಸೂತ್ರಗಳನ್ನು ಹಳೆಯ ದತ್ತಾಂಶದ ಮೇಲೆ ಓಡಿಸಿದರೆ ಕೆಲವು ಕೇವಲ ಅದೃಷ್ಟದಿಂದ ಅದ್ಭುತವಾಗಿ ಕಾಣುತ್ತವೆ. ರಯಾನ್ ಸಲಿವನ್, ಅಲನ್ ಟಿಮರ್‌ಮನ್, ಹ್ಯಾಲ್ಬರ್ಟ್ ವೈಟ್ 1999ರಲ್ಲಿ ಪರೀಕ್ಷಿಸಿದಾಗ, ಡೌ ಸೂಚ್ಯಂಕದ ಹಳೆಯ ದಾಖಲೆಯಲ್ಲಿ ಗೆದ್ದಿದ್ದ ಅತ್ಯುತ್ತಮ ಸೂತ್ರ ನಂತರದ ಹತ್ತು ವರ್ಷಗಳಲ್ಲಿ ಆ ಯಶಸ್ಸನ್ನು ಉಳಿಸಿಕೊಳ್ಳಲಿಲ್ಲ. ಯಾರಾದರೂ ತಮ್ಮ ಸೂತ್ರದ ಹಳೆಯ ಸಾಧನೆಯನ್ನು ತೋರಿಸಿದರೆ, ಅದನ್ನು ಕಂಡುಹಿಡಿದ ದಿನಾಂಕದ ನಂತರದ ಫಲಿತಾಂಶವನ್ನು ಕೇಳಬೇಕು.

ಕಣ್ಣಿನ ಹಿಂದಿರುವ ಹಳೆಯ ಲೆಕ್ಕ

ಟೀ ಅಂಗಡಿಗೆ ಒಮ್ಮೆ ಮರಳಿದರೆ, ಕಥೆಯಲ್ಲಿ ಹೇಳದೆ ಬಿಟ್ಟದ್ದೊಂದಿದೆ. ಬ್ಯಾಂಕಿನವರು 2008ರ ಮೇ ತಿಂಗಳಲ್ಲಿ ನಂಬಿ ಕೊಂಡು ಕೈಸುಟ್ಟುಕೊಂಡಿದ್ದರು. ಈ ಸಲ ಮಾರ್ಚಿನಲ್ಲಿ ಹೆದರಿ ಅರ್ಧ ಮಾರಿದ್ದರು. ಅಂಗಡಿಯವರು ಪೇಟೆಗೆ ಬಂದದ್ದೇ ಏಪ್ರಿಲ್‌ನಲ್ಲಿ. ಅಂಗಡಿಗೆ ಬೀಗ ಬಿದ್ದಿದ್ದಾಗ ಮನೆಯಲ್ಲಿ ಕೂತು ಡಿಮ್ಯಾಟ್ ಖಾತೆ ತೆರೆದಿದ್ದರು, ಕೊಂಡದ್ದೆಲ್ಲ ಮೇಲೇರಿತ್ತು. ಒಬ್ಬರಿಗೆ ಪೇಟೆ ಮತ್ತೆ ಬಿದ್ದರೆ ಮಾರ್ಚಿನ ನಿರ್ಧಾರ ಸರಿಯಾಗುತ್ತದೆ. ಇನ್ನೊಬ್ಬರಿಗೆ ಏರಿದರೆ ಏಪ್ರಿಲ್‌ನ ನಿರ್ಧಾರ ಸರಿಯಾಗುತ್ತದೆ.

ಮೂರನೆಯದಾದ ಮನಃಶಾಸ್ತ್ರದ ಪಂಥ ಹಿಡಿಯುವುದು ಈ ಎಳೆಯನ್ನೇ. ಸ್ಟ್ಯಾನ್‌ಫರ್ಡ್‌ನಲ್ಲಿ ಚಾರ್ಲ್ಸ್ ಲಾರ್ಡ್, ಲೀ ರಾಸ್, ಮಾರ್ಕ್ ಲೆಪರ್ 1979ರಲ್ಲಿ ನಡೆಸಿದ ಪ್ರಯೋಗದಲ್ಲಿ ಮರಣದಂಡನೆಯ ಪರ ಮತ್ತು ವಿರುದ್ಧ ಇರುವವರಿಗೆ ಒಂದೇ ಜೋಡಿ ಅಧ್ಯಯನಗಳನ್ನು ಓದಲು ಕೊಟ್ಟಿದ್ದರು. ಒಂದು ಪರವಾಗಿತ್ತು, ಇನ್ನೊಂದು ವಿರುದ್ಧವಾಗಿತ್ತು. ಓದಿದ ಮೇಲೆ ಎರಡು ಗುಂಪುಗಳು ಹತ್ತಿರ ಬರುವ ಬದಲು, ತಮ್ಮ ತಮ್ಮ ನಿಲುವು ಇನ್ನಷ್ಟು ಗಟ್ಟಿಯಾಯಿತು ಎಂದು ಹೇಳಿಕೊಂಡವು. ತಮಗೆ ಒಪ್ಪದ ಅಧ್ಯಯನದಲ್ಲಿ ಎಲ್ಲರಿಗೂ ದೋಷ ಕಂಡಿತ್ತು. ಷೇರುಪೇಟೆಯಲ್ಲಿ ಟೆರೆನ್ಸ್ ಓಡಿಯನ್ 1998ರಲ್ಲಿ ಅಮೆರಿಕದ ಹತ್ತು ಸಾವಿರ ಖಾತೆಗಳನ್ನು ನೋಡಿದಾಗ, ಜನ ಲಾಭದಲ್ಲಿರುವ ಷೇರನ್ನು ನಷ್ಟದಲ್ಲಿರುವುದಕ್ಕಿಂತ ಸುಮಾರು ಒಂದೂವರೆ ಪಟ್ಟು ಬೇಗ ಮಾರುತ್ತಿದ್ದರು. ಮುಂದೆ ಏನಾಗುತ್ತದೆ ಎಂಬುದಕ್ಕಿಂತ, ತಾನು ಎಷ್ಟಕ್ಕೆ ಕೊಂಡಿದ್ದೆ ಎಂಬುದೇ ಅವರ ಕೈ ನಡೆಸುತ್ತಿತ್ತು. ಕೊಂಡ ಬೆಲೆ ಚಾರ್ಟಿನಲ್ಲಿ ಇರುವುದಿಲ್ಲ, ನೋಡುವವನ ಕಣ್ಣಿಗೆ ಮಾತ್ರ ಅಲ್ಲೊಂದು ಗೆರೆ ಕಾಣುತ್ತದೆ.

2008ರ ನೆನಪನ್ನು ಬರೀ ಭಯವೆಂದು ತಳ್ಳಿಹಾಕುವುದು ಸರಿಯಲ್ಲ. ಆ ವರ್ಷ ಜನವರಿಯಲ್ಲಿ ನಿಫ್ಟಿ 6,357 ಮುಟ್ಟಿ, ಮಾರ್ಚಿನಲ್ಲಿ ಸುಮಾರು 4,470ಕ್ಕೆ ಇಳಿದು, ಮೇ ಆರಂಭದಲ್ಲಿ 5,300ರ ಹತ್ತಿರ ಬಂದಿತ್ತು. ಬಿದ್ದದ್ದರಲ್ಲಿ ನೂರಕ್ಕೆ ನಲವತ್ತನಾಲ್ಕು ಪಾಲು ಎದ್ದು, ಅಲ್ಲಿಂದ ಜಾರಿ ಅಕ್ಟೋಬರಿನಲ್ಲಿ 2,250ರ ಆಸುಪಾಸಿಗೆ ಹೋಯಿತು. 2020ರಲ್ಲಿ ಅರ್ಧ ಎದ್ದ ಪೇಟೆ ಮುಂದೆಯೂ ಏರುತ್ತ ಹೋಗಿ ನವೆಂಬರಿನಲ್ಲಿ ಹಳೆಯ ಶಿಖರ ದಾಟಿತು, ವರ್ಷ ಮುಗಿಸಿದ್ದು 13,980ರ ಸುತ್ತ. ಹೆಚ್ಚುಕಡಿಮೆ ಒಂದೇ ಆಕಾರ, ಎರಡು ಗತಿ. ಸರಿಯಾದದ್ದು ಅಂಗಡಿಯವರ ಮಾತು. ಆದರೆ ಅದನ್ನು ಸರಿ ಮಾಡಿದ್ದು ಆ ಹಸಿರು ಕ್ಯಾಂಡಲ್ ಎನ್ನಲು ನಮ್ಮ ಬಳಿ ಪುರಾವೆಯಿಲ್ಲ. ಮೇ 22ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4ಕ್ಕೆ ಇಳಿಸಿತ್ತು, ಅಮೆರಿಕದಲ್ಲಿ ಬಡ್ಡಿ ಸೊನ್ನೆಯ ಹತ್ತಿರ ಇತ್ತು, ನವೆಂಬರಿನಲ್ಲಿ ಲಸಿಕೆಯ ಸುದ್ದಿ ಬಂತು. ಇವುಗಳಲ್ಲಿ ಕೊನೆಯದು ಜೂನ್ ತಿಂಗಳ ಯಾವ ಚಾರ್ಟಿನಲ್ಲೂ ಇರಲು ಸಾಧ್ಯವಿರಲಿಲ್ಲ.

ಭಿನ್ನಾಭಿಪ್ರಾಯವೇ ವ್ಯಾಪಾರ

ನಾಲ್ಕನೆಯ ಪಂಥ ಪ್ರಶ್ನೆಯನ್ನೇ ತಿರುಗಿಸುತ್ತದೆ. ಜಗಳವನ್ನು ರೋಗವೆಂದು ಯಾಕೆ ನೋಡಬೇಕು? ಒಬ್ಬ ಮಾರದಿದ್ದರೆ ಇನ್ನೊಬ್ಬ ಕೊಳ್ಳಲಾರ. ಪಾಲ್ ಮಿಲ್‌ಗ್ರಮ್ ಮತ್ತು ನ್ಯಾನ್ಸಿ ಸ್ಟೋಕಿ 1982ರಲ್ಲಿ ಗಣಿತದಿಂದ ತೋರಿಸಿದ್ದು ಇದು: ಎಲ್ಲರೂ ವಿವೇಕಿಗಳಾಗಿದ್ದು, ಮಾಹಿತಿಯನ್ನು ಅರ್ಥ ಮಾಡಿಕೊಳ್ಳುವ ರೀತಿಯೂ ಒಂದೇ ಆಗಿದ್ದರೆ, ಹೊಸ ಮಾಹಿತಿ ಬಂದ ಮಾತ್ರಕ್ಕೆ ವ್ಯಾಪಾರ ನಡೆಯುವುದಿಲ್ಲ. ನೀನು ಮಾರಲು ಹೊರಟಿದ್ದೀಯ ಎಂದರೆ ನಿನಗೇನೋ ಗೊತ್ತಿದೆ ಎಂದು ನಾನು ಹಿಂದೆ ಸರಿಯುತ್ತೇನೆ. ಆದರೆ ದಿನವೂ ಕೋಟಿಗಟ್ಟಲೆ ಷೇರುಗಳು ಕೈ ಬದಲಾಗುತ್ತಿವೆ. ಆದ್ದರಿಂದ ಜನ ಒಂದೇ ಸುದ್ದಿಯನ್ನು ಬೇರೆ ಬೇರೆಯಾಗಿ ಓದುತ್ತಿದ್ದಾರೆ ಎಂದೇ ಒಪ್ಪಬೇಕಾಗುತ್ತದೆ. ಯೂಜೀನ್ ಕ್ಯಾಂಡೆಲ್ ಮತ್ತು ನೀಲ್ ಪಿಯರ್ಸನ್ 1995ರಲ್ಲಿ ಇದಕ್ಕೆ ನೇರ ಸಾಕ್ಷ್ಯ ಕೊಟ್ಟರು. ಕಂಪನಿಗಳು ಫಲಿತಾಂಶ ಪ್ರಕಟಿಸಿದ ದಿನಗಳಲ್ಲಿ ಬೆಲೆ ಅಲುಗದಿದ್ದರೂ ವಹಿವಾಟು ಮಾತ್ರ ಏರಿರುತ್ತದೆ. ಸುದ್ದಿ ಎಲ್ಲರಿಗೂ ಒಂದೇ, ಅರ್ಥ ಒಂದೇ ಅಲ್ಲ.

ಟೋನಿ ಕುಕ್ಸನ್ ಮತ್ತು ಮರೀನಾ ನೀಸ್ನರ್ 2020ರಲ್ಲಿ ಈ ಭಿನ್ನತೆಯನ್ನು ಬಿಡಿಸಿ ಅಳೆದರು. ಹೂಡಿಕೆದಾರರು ತಮ್ಮ ಪದ್ಧತಿ ಯಾವುದು, ಎಷ್ಟು ಕಾಲಕ್ಕೆ ಹೂಡುತ್ತಾರೆ ಎಂದು ತಾವೇ ಮೊದಲು ಘೋಷಿಸಿ, ಆಮೇಲೆ ಏರುತ್ತದೆ ಇಳಿಯುತ್ತದೆ ಎಂದು ದಾಖಲಿಸಿದ ದತ್ತಾಂಶ ಅವರಿಗೆ ಸಿಕ್ಕಿತ್ತು. ಒಟ್ಟು ಭಿನ್ನಾಭಿಪ್ರಾಯದಲ್ಲಿ ಸುಮಾರು ಅರ್ಧ ಪದ್ಧತಿಯ ವ್ಯತ್ಯಾಸದಿಂದ ಬರುತ್ತದೆ, ಉಳಿದರ್ಧ ಮಾಹಿತಿಯ ವ್ಯತ್ಯಾಸದಿಂದ ಎಂದು ಅವರು ಕಂಡರು. ಎಲ್ಲರಿಗೂ ಒಂದೇ ಮಾಹಿತಿ ತಲುಪಿಸಿಬಿಟ್ಟರೂ ಜಗಳದ ದೊಡ್ಡ ಪಾಲು ಉಳಿದುಕೊಳ್ಳುತ್ತದೆ ಎಂದಾಯಿತು. ನಮ್ಮ ಗೆಳೆಯರ ವಾದಕ್ಕೆ ಎಲ್ಲಕ್ಕಿಂತ ಹತ್ತಿರ ಬರುವ ವಿವರಣೆ ಇದೇ ಎಂದು ನಾನು ತಿಳಿಯುತ್ತೇನೆ. ಒಬ್ಬರು ಮುಂದಿನ ಕೆಲವು ದಿನಗಳ ಬಗ್ಗೆ, ಇನ್ನೊಬ್ಬರು ಮುಂದಿನ ಕೆಲವು ತಿಂಗಳ ಬಗ್ಗೆ ಮಾತಾಡುತ್ತಿದ್ದರು. ಅವಧಿಯನ್ನು ಬಾಯಿಬಿಟ್ಟು ಹೇಳಿಕೊಳ್ಳದೆ ಇದ್ದುದರಿಂದ ಅದು ಒಂದೇ ಪ್ರಶ್ನೆಯಂತೆ ಕಾಣಿಸಿತು.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು, ಆಕಾರದಲ್ಲಿರುವ ಆ ಚೂರು ಮಾಹಿತಿ ಎಲ್ಲರಿಗೂ ಗೊತ್ತಾದ ಮೇಲೆ ಉಳಿಯುತ್ತದೆಯೇ? ಫಾಮಾನ ತರ್ಕದ ಪ್ರಕಾರ ಉಳಿಯಬಾರದು, ಓಸ್ಲರ್ ವಿವರಣೆಯ ಪ್ರಕಾರ ಹೆಚ್ಚು ಜನ ನಂಬಿದಷ್ಟೂ ಬಲಿಯಬಹುದು. ಎರಡಕ್ಕೂ ಉದಾಹರಣೆಗಳು ಸಿಗುತ್ತವೆ. ಪೇಟೆಯ ವಿವೇಕ ಕಾಲಕಾಲಕ್ಕೆ ಏರಿಳಿಯುತ್ತದೆ ಎಂದು ಲೋ 2004ರಿಂದ ಮಧ್ಯದ ದಾರಿಯೊಂದನ್ನು ಸೂಚಿಸುತ್ತಿದ್ದಾರೆ. ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಮುಂಚೆಯೇ ಹೇಳುವ ಒಪ್ಪಿತ ವಿಧಾನ ಇನ್ನೂ ಇಲ್ಲ.

ಎರಡನೆಯದು, ಒಬ್ಬ ಓದುಗನ ಜಾಣ್ಮೆಯನ್ನು ಅವನ ಅದೃಷ್ಟದಿಂದ ಬೇರ್ಪಡಿಸಲು ಎಷ್ಟು ವರ್ಷಗಳ ದಾಖಲೆ ಬೇಕು? ಹ್ಯಾಮಿಲ್ಟನ್‌ನ ಕಾಲು ಶತಮಾನದ ಬರಹವೇ ಅದಕ್ಕೆ ಸಾಲಲಿಲ್ಲ. ಒಂದು ಜೂನ್ ತಿಂಗಳ ಗೆಲುವಿನಿಂದ ತಾನು ಚಾರ್ಟ್ ಬಲ್ಲೆ ಎಂದು ಯಾರೂ ಹೇಳಿಕೊಳ್ಳುವಂತಿಲ್ಲ.

ಮೂರನೆಯದು ನಮ್ಮ ದೇಶದ್ದು, ನನಗೆ ಇದೇ ಹೆಚ್ಚು ತುರ್ತಿನದಾಗಿ ಕಾಣುತ್ತದೆ. ಭಾರತದಲ್ಲಿ ಡಿಮ್ಯಾಟ್ ಖಾತೆಗಳ ಸಂಖ್ಯೆ 2022ರ ಆಗಸ್ಟ್‌ನಲ್ಲಿ 10 ಕೋಟಿ ದಾಟಿತು. ಹೊಸಬರಲ್ಲಿ ಬಹಳ ಜನ ಪೇಟೆಗೆ ಕಾಲಿಟ್ಟದ್ದೇ ಮೊಬೈಲಿನ ಚಾರ್ಟ್ ಮೂಲಕ. ಅವರಲ್ಲಿ ಅನೇಕರು ಷೇರಿನಿಂದ ಮುಂದೆ ಹೋಗಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದರು. ಅಲ್ಲಿ ದಿಕ್ಕು ಸರಿಯಿದ್ದರೆ ಸಾಲದು, ಅವಧಿ ಮುಗಿಯುವ ಮುನ್ನವೇ ಸರಿಯಾಗಬೇಕು. ದಿನದ ಕ್ಯಾಂಡಲ್ಲೋ ವಾರದ ಕ್ಯಾಂಡಲ್ಲೋ ಎಂಬ ಟೀ ಅಂಗಡಿಯ ಪ್ರಶ್ನೆ ಅಲ್ಲಿ ನೇರವಾಗಿ ದುಡ್ಡಿನ ಪ್ರಶ್ನೆಯಾಗುತ್ತದೆ. ಈ ವಿಭಾಗದ ಬಗ್ಗೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ವೈಯಕ್ತಿಕ ವಹಿವಾಟುದಾರರಲ್ಲಿ ಶೇ. 93 ಮಂದಿ ನಷ್ಟ ಮಾಡಿಕೊಂಡರು. ಎಲ್ಲರ ನಷ್ಟ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅವರಲ್ಲಿ ಎಷ್ಟು ಮಂದಿ ಚಾರ್ಟ್ ನೋಡಿ ನಿರ್ಧರಿಸಿದ್ದರು, ಯಾವ ಅವಧಿಯ ಚಾರ್ಟ್ ನೋಡಿದ್ದರು, ಯಾವ ಪದ್ಧತಿಯವರು ಹೆಚ್ಚು ಕಳೆದುಕೊಂಡರು ಎಂಬ ವಿಂಗಡಣೆ ಆ ಅಧ್ಯಯನದಲ್ಲಿಲ್ಲ. ಆದೇಶಗಳ ದಾಖಲೆಯೆಲ್ಲ ಷೇರು ವಿನಿಮಯ ಕೇಂದ್ರಗಳ ಬಳಿ ಇದೆ. ಹೂಡಿಕೆದಾರರ ಗುರುತು ಮರೆಮಾಡಿ ಅದನ್ನು ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ತೆರೆದುಕೊಡಬೇಕು.